ಬಟ್ಟೆಗೆ ಒಂದು ಹಗ್ಗ, ಬಾವಿಗೆ ಇನ್ನೊಂದು

ಮಳೆಗಾಲಕ್ಕೆ ಮುಂಚೆ ಗೋಣಿಕೊಪ್ಪಲಿಗೋ ವಿರಾಜಪೇಟೆಗೋ ಹೋಗಿ ‘ನೈಲಾನ್ ಹಗ್ಗ ಕೊಡಿ’ ಎಂದು ಕೇಳಿದರೆ, ಅಂಗಡಿಯವರು ಹಸಿರೋ ನೀಲಿಯೋ ಬಣ್ಣದ ಹೊಳೆಯುವ ಹಗ್ಗವನ್ನು ತೂಗಿ ಕೊಡುತ್ತಾರೆ. ಹೆಚ್ಚಿನ ಸಲ ಅದು ನೈಲಾನ್ ಆಗಿರುವುದಿಲ್ಲ. ಗೊಬ್ಬರದ ಚೀಲ ನೇಯುವ ಜಾತಿಯ ಪ್ಲಾಸ್ಟಿಕ್ ಅದು. ಅಗ್ಗ, ಹಗುರ, ನೀರು ಕುಡಿಯುವುದಿಲ್ಲ. ಆದರೆ ಅಂಗಳದ ಬಿಸಿಲಿಗೆ ಸಿಕ್ಕಿದರೆ ಒಂದೆರಡು ಬೇಸಿಗೆಯಲ್ಲಿ ಮೈಯೆಲ್ಲ ಮುಳ್ಳೆದ್ದು, ಕೈಗೆ ಪುಡಿ ಹತ್ತುತ್ತದೆ. ಅಂಗಡಿಯವರು ಮೋಸ ಮಾಡುತ್ತಾರೆ ಅಂತಲ್ಲ. ಪ್ಲಾಸ್ಟಿಕ್ ಹಗ್ಗಕ್ಕೆಲ್ಲ ನಾವೇ ನೈಲಾನ್ ಎಂದು ಕರೆದು ಅಭ್ಯಾಸ ಮಾಡಿಬಿಟ್ಟಿದ್ದೇವೆ.

ಹಾಗಾಗಿ ಯಾವ ಕೆಲಸಕ್ಕೆ ಯಾವ ಹಗ್ಗ ಎನ್ನುವ ಮೊದಲು, ಕೈಯಲ್ಲಿರುವುದು ಏನು ಎಂದು ಗೊತ್ತಾಗಬೇಕು.

ಮೊದಲು ನೀರಿಗೆ ಹಾಕಿ

ಎರಡು ಬೆರಳಿನಷ್ಟು ತುಂಡು ಕತ್ತರಿಸಿ. ನೀರಿನೊಳಗೆ ಹಿಡಿದು ಚೆನ್ನಾಗಿ ಹಿಸುಕಿ, ಒಳಗಿನ ಗಾಳಿ ಹೋಗಲಿ. ಆಮೇಲೆ ಬಿಡಿ. ತೇಲಿದರೆ ಅದು ನೈಲಾನೂ ಅಲ್ಲ, ಪಾಲಿಯೆಸ್ಟರೂ ಅಲ್ಲ. ಆ ಎರಡೂ ನೀರಿಗಿಂತ ಭಾರ, ಮುಳುಗುತ್ತವೆ. ಹಿಸುಕದೆ ಹಾಕಿದರೆ ಗುಳ್ಳೆ ಸೇರಿಕೊಂಡು ಎಲ್ಲವೂ ತೇಲಿದ ಹಾಗೆ ಕಾಣುತ್ತದೆ, ಅದೊಂದು ಗಮನ ಇರಲಿ.

ಮುಳುಗಿದ್ದು ನೈಲಾನೋ ಪಾಲಿಯೆಸ್ಟರೋ? ಒಂದೇ ದಪ್ಪದ ಎರಡು ತುಂಡುಗಳನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ. ಬೆಳಿಗ್ಗೆ ಎರಡನ್ನೂ ಕೊಕ್ಕೆಗೆ ಕಟ್ಟಿ, ಒಂದು ಮೀಟರ್ ಅಂತರದಲ್ಲಿ ಪೆನ್ನಿನಿಂದ ಗುರುತು ಹಾಕಿ, ತುಂಬಿದ ಬಕೆಟ್ ತೂಗುಹಾಕಿ. ಗುರುತುಗಳ ನಡುವಿನ ಅಂತರ ಯಾವುದರಲ್ಲಿ ಜಾಸ್ತಿ ಬೆಳೆಯಿತೋ ಅದು ನೈಲಾನ್. ನೈಲಾನ್ ನೀರು ಕುಡಿಯುತ್ತದೆ. ಕುಡಿದಾಗ ಉದ್ದವಾಗುತ್ತದೆ, ಬಲವೂ ಸುಮಾರು ಹತ್ತರಲ್ಲಿ ಒಂದು ಪಾಲು ಕಮ್ಮಿಯಾಗುತ್ತದೆ. ಪಾಲಿಯೆಸ್ಟರಿಗೆ ಒದ್ದೆ, ಒಣ ಎರಡೂ ಒಂದೇ. ತಿಂಗಳುಗಟ್ಟಲೆ ಮಳೆ ಹೊಯ್ಯುವ ನಮ್ಮ ಕಡೆ ಇದೊಂದೇ ಗುಣ ಅರ್ಧ ತೀರ್ಮಾನ ಮಾಡಿಬಿಡುತ್ತದೆ.

ಇನ್ನೊಂದು ಮಾತು. ಹಗ್ಗವನ್ನು ಕೆಜಿ ಲೆಕ್ಕದಲ್ಲಿ ಕೊಳ್ಳುವಾಗ ಬೆಲೆಯ ಜೊತೆಗೆ ಕೆಜಿಗೆ ಎಷ್ಟು ಮೀಟರ್ ಬರುತ್ತದೆ ಎಂದೂ ಕೇಳಿ. ಪಾಲಿಯೆಸ್ಟರ್ ಭಾರದ ನೂಲು. ಅದೇ ದಪ್ಪದ ತೇಲುವ ಹಗ್ಗಕ್ಕಿಂತ ಒಂದು ಕೆಜಿಗೆ ಉದ್ದ ಕಮ್ಮಿ ಸಿಗುತ್ತದೆ.

ಬಟ್ಟೆ ಹಗ್ಗ: ಜೋಲುವುದೇ ಸಮಸ್ಯೆ

ಬಟ್ಟೆ ಹಗ್ಗ ತುಂಡಾಗುವುದು ಅಪರೂಪ. ಅದು ಜೋಲುತ್ತದೆ, ಇಲ್ಲವೇ ಗೋಡೆಯ ಮೊಳೆಯನ್ನೇ ಕಿತ್ತುಕೊಂಡು ಬರುತ್ತದೆ. ಎರಡಕ್ಕೂ ಒಂದೇ ಕಾರಣ.

ಜಗಲಿಯಲ್ಲಿ ಎರಡು ಕೊಕ್ಕೆಗಳ ನಡುವೆ 6 ಮೀಟರ್, ಅಂದರೆ ಸುಮಾರು 20 ಅಡಿ ದೂರ ಇದೆ ಎಂದಿಟ್ಟುಕೊಳ್ಳಿ. ಎರಡು ಹೊದಿಕೆ, ನಾಲ್ಕು ಪ್ಯಾಂಟ್, ಒಂದಿಷ್ಟು ಅಂಗಿ ಒದ್ದೆಯಾಗಿ ಹಾಕಿದ್ದೀರಿ, ಸುಮಾರು 9 ಕೆಜಿ. ನಡುವೆ ಹಗ್ಗ 15 ಸೆಂಟಿಮೀಟರ್ ಜೋತುಬಿದ್ದಿದೆ. ಆಗ ಒಂದೊಂದು ಕೊಕ್ಕೆಯ ಮೇಲೂ ಬೀಳುವ ಎಳೆತ 9 ಕೆಜಿಯಲ್ಲ, ಸುಮಾರು 45 ಕೆಜಿ! ಜೋಲಬಾರದು ಎಂದು ಬಿಗಿದು ಬಿಗಿದು 5 ಸೆಂಟಿಮೀಟರಿಗೆ ತಂದರೆ ಅದು 135 ಕೆಜಿ ಆಗುತ್ತದೆ. ಹಳೆಯ ಮಣ್ಣಿನ ಗೋಡೆಯ ಮೊಳೆ ಎಲ್ಲಿ ತಡೆಯುತ್ತದೆ? ಒಂದು ಗೇಣು ಜೋಲಲಿ, ಪರವಾಗಿಲ್ಲ.

ಆದರೆ ಒಂದು ಗೇಣಿಗೇ ನಿಲ್ಲಿಸುವುದು ಕಷ್ಟ. ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ನೇರಕ್ಕಿಂತ ಹಗ್ಗ ಬರೀ 1 ಸೆಂಟಿಮೀಟರ್ ಉದ್ದವಾದರೆ ನಡುವೆ 15 ಸೆಂಟಿಮೀಟರ್ ಇಳಿಯುತ್ತದೆ. 4 ಸೆಂಟಿಮೀಟರ್ ಉದ್ದವಾದರೆ ಒಂದು ಅಡಿ. 16 ಸೆಂಟಿಮೀಟರ್ ಆದರೆ ಎರಡು ಅಡಿ, ಹೊದಿಕೆಯ ಅಂಚು ನೆಲ ಮುಟ್ಟಿತು. ನೈಲಾನ್ ಒದ್ದೆಯಾಗಿ ನೂರಕ್ಕೆ ಒಂದು ಪಾಲು ಉದ್ದವಾದರೂ ಆರು ಮೀಟರಿಗೆ 6 ಸೆಂಟಿಮೀಟರ್ ಆಯಿತು. ಬಟ್ಟೆಯ ಭಾರಕ್ಕೆ ಹಿಗ್ಗುವುದು ಇನ್ನೂ ಬೇರೆ. ನೈಲಾನ್ ಬಟ್ಟೆ ಹಗ್ಗವನ್ನು ವಾರಕ್ಕೊಮ್ಮೆ ಬಿಗಿಯಬೇಕಾಗುವುದು ಇದಕ್ಕೇ.

ಆದ್ದರಿಂದ ಇಲ್ಲಿಗೆ ಪಾಲಿಯೆಸ್ಟರ್, 5 ಅಥವಾ 6 ಮಿಲಿಮೀಟರ್, ಹೊಸೆದದ್ದಕ್ಕಿಂತ ಹೆಣೆದದ್ದು ಒಳ್ಳೆಯದು. ಹೊಸೆದ ಹಗ್ಗ ಭಾರಕ್ಕೆ ತಿರುಚು ಬಿಚ್ಚಿಕೊಂಡು ಇನ್ನಷ್ಟು ಉದ್ದವಾಗುತ್ತದೆ. ಹೊಸ ಹಗ್ಗವನ್ನು ಕಟ್ಟಿ, ಎರಡು ದಿನ ಬಟ್ಟೆ ಹಾಕಿ, ಎಳೆಗಳು ಕೂತ ಮೇಲೆ ಒಮ್ಮೆ ಬಿಗಿದರೆ ಮತ್ತೆ ಮುಟ್ಟುವ ಕೆಲಸ ಕಮ್ಮಿ. ಇನ್ನೂ ಸುಲಭದ ಉಪಾಯ ಅಂದರೆ ಮಾಡಿನ ಪಕಾಸಿಗೆ ನಡುವೆ ಒಂದು ಕೊಕ್ಕೆ. ದೂರವೂ ಭಾರವೂ ಅರ್ಧರ್ಧವಾಗಿ, ಅಷ್ಟೇ ಜೋಲುವಿಕೆಗೆ ಆ ಕಡೆ ಈ ಕಡೆಯ ಕೊಕ್ಕೆಗಳ ಮೇಲಿನ ಎಳೆತ 45 ಕೆಜಿಯಿಂದ 11 ಕೆಜಿಗೆ ಇಳಿಯುತ್ತದೆ.

ಹತ್ತಿ ಹಗ್ಗ ಇಲ್ಲಿಗೆ ಬೇಡ. ಒದ್ದೆಯಾದಾಗ ಉಬ್ಬಿ ಗಿಡ್ಡವಾಗುತ್ತದೆ, ಒಣಗಿದಾಗ ಸಡಿಲ. ಕಕ್ಕಡದ ತೇವಕ್ಕೆ ಬೂಷ್ಟು ಹಿಡಿದು ಬಿಳಿ ಪಂಚೆಗೆ ಕಪ್ಪು ಚುಕ್ಕೆ ಕೂರುತ್ತದೆ. ತೆಂಗಿನ ನಾರಿನ ಹಗ್ಗವಂತೂ ಕಂದು ಬಣ್ಣ ಬಿಡುತ್ತದೆ. ಆದರೆ ಮಳೆಗಾಲದಲ್ಲಿ ಒಲೆಯ ಮೇಲ್ಗಡೆ ಬಟ್ಟೆ ಒಣಗಿಸುವವರು ಪ್ಲಾಸ್ಟಿಕ್ ಜಾತಿಯ ಯಾವ ಹಗ್ಗವನ್ನೂ ಕಟ್ಟಬೇಡಿ, ಕರಗುವುದಕ್ಕೆ ಬಹಳ ಮೊದಲೇ ಬಿಸಿಗೆ ಅದು ಮೆತ್ತಗಾಗುತ್ತದೆ. ಅಲ್ಲಿಗೆ ಕಬ್ಬಿಣದ ತಂತಿಯೇ ಸೈ.

ಉಯ್ಯಾಲೆ: ಹರಿಯುವುದು ಕೊಂಬೆಯ ಹತ್ತಿರ

ಉಯ್ಯಾಲೆಯಲ್ಲಿ ಕೂತವರ ತೂಕ ನೋಡಿ ಹಗ್ಗ ಆರಿಸಿದರೆ ಸಾಲದು. 70 ಕೆಜಿಯ ಒಬ್ಬರು ಜೋರಾಗಿ ಜೀಕಿದರು, ನೆಟ್ಟಗೆ ನಿಂತ ಹಗ್ಗ 60 ಡಿಗ್ರಿ ವಾಲುವಷ್ಟು ಮೇಲೆ ಹೋದರು ಅನ್ನಿ. ಅಲ್ಲಿಂದ ಕೆಳಗೆ ಬರುವಾಗ ತಳದಲ್ಲಿ ಹಗ್ಗಗಳ ಮೇಲೆ ಬೀಳುವ ಭಾರ ಎರಡರಷ್ಟು, 140 ಕೆಜಿ. ಹಗ್ಗ ಅಡ್ಡಕ್ಕೆ ಮಲಗುವಷ್ಟು ಜೀಕಿದರೆ ಮೂರರಷ್ಟು. ಗಂಟು ಹಾಕಿದ ಜಾಗದಲ್ಲಿ ಹಗ್ಗದ ಬಲ ಅರ್ಧದಷ್ಟು ಹೋಯಿತು ಎಂದೇ ಲೆಕ್ಕ ಹಿಡಿಯಬೇಕು.

ಒಳ್ಳೆಯ 12 ಮಿಲಿಮೀಟರ್ ಪಾಲಿಯೆಸ್ಟರ್ ಹಗ್ಗ ಹೊಸದಿರುವಾಗ ಸುಮಾರು 2,000 ಕೆಜಿ ತಡೆಯುತ್ತದೆ. ಗಂಟಿಗೆ ಅರ್ಧ ಕಳೆದರೆ 1,000. ಭಾರವೆಲ್ಲ ಒಂದೇ ಬದಿಗೆ ಬಿದ್ದರೂ ಏಳು ಪಟ್ಟು ಉಳಿಯುತ್ತದೆ. ಬಿಸಿಲು, ಸವೆತ, ಇಬ್ಬರು ಮಕ್ಕಳು ನಿಂತು ಜೀಕುವುದು ಎಲ್ಲದಕ್ಕೂ ಆ ಉಳಿಕೆ ಬೇಕು. ಕೈಗೆ ಹಿಡಿತ ಬೇಕೆಂದರೆ 14 ತೆಗೆದುಕೊಳ್ಳಿ. ನೈಲಾನ್ ಬಲದಲ್ಲಿ ಇನ್ನೂ ಮೇಲು. ಆದರೆ ಅದು ಹಿಗ್ಗಿ ಕುಪ್ಪಳಿಸುತ್ತದೆ, ಒಂದು ಬದಿ ಜಾಸ್ತಿ ಹಿಗ್ಗಿ ಹಲಗೆ ಓರೆಯಾಗುತ್ತದೆ. ನಾರಿನ ಹಗ್ಗ ಮಕ್ಕಳ ಅಂಗೈಗೆ ಚುಚ್ಚುತ್ತದೆ, ಬಲವೂ ಸಾಲದು. ಹತ್ತಿ ಹಗ್ಗ ಕೈಗೆ ಹಿತ. ಮಳೆ ಹನಿ ಬೀಳದ ಜಗಲಿಯ ಉಯ್ಯಾಲೆಗೆ 20 ಮಿಲಿಮೀಟರಿನದು ಬಳಸಬಹುದು, ಮರಕ್ಕೆ ಮಾತ್ರ ಬೇಡ.

ಎಂಥ ಹಗ್ಗವಾದರೂ ಸವೆಯುವುದು ಕೊಂಬೆಯ ಮೇಲೆ, ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ. ಹಗ್ಗವನ್ನು ಸುಮ್ನೆ ಕೊಂಬೆಯ ಮೇಲೆ ಎಸೆದು ಇಳಿಬಿಟ್ಟರೆ ಪ್ರತಿ ಜೀಕಿಗೂ ತೊಗಟೆಗೆ ಉಜ್ಜುತ್ತದೆ. ಕೊಂಬೆಗೆ ಎರಡು ಸುತ್ತು ಬಿಗಿಯಾಗಿ ಸುತ್ತಿ, ಆಮೇಲೆ ಗಂಟು ಹಾಕಿ. ಸುತ್ತಿನ ಅಡಿಗೆ ಹಳೆಯ ಟಯರಿನ ತುಂಡು ಇಡಿ. ತಿಂಗಳಿಗೊಮ್ಮೆ ಏಣಿ ಹತ್ತಿ ನೋಡಿ. ಎಳೆ ಹರಿದು ನಯವಾದ ರೋಮ ಎದ್ದಿದ್ದರೆ ಇನ್ನೂ ಪರವಾಗಿಲ್ಲ, ಒಂದು ಎಳೆ ಪೂರ್ತಿ ಕಾಲುಭಾಗ ಸವೆದಿದ್ದರೆ, ಅಥವಾ ಉಜ್ಜಿದ ಜಾಗ ಕರಗಿದಂತೆ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಹಗ್ಗ ಬದಲಿಸಿ.

ಮರದ ಬಗ್ಗೆಯೂ ಒಂದು ಮಾತು: ತೋಟದಲ್ಲಿ ಕೈಗೆ ಸಿಗುವುದು ಸಿಲ್ವರ್ ಓಕ್, ಆದರೆ ಅದರ ಕೊಂಬೆ ಪೆಳಸು. ಹಲಸಿನ ಹಸಿ ಕೊಂಬೆ ಹುಡುಕಿ. ಜೂನ್ ಬಂತೆಂದರೆ ಉಯ್ಯಾಲೆ ಬಿಚ್ಚಿ ಒಳಗಿಡಿ.

ಬಾವಿ: ಬಲ ಸಾಕಷ್ಟಿದೆ, ಹಿಡಿತ ಬೇಕು

ಹತ್ತು ಲೀಟರ್ ಬಕೆಟ್ ತುಂಬಿದರೆ 11 ಕೆಜಿ. ಇಷ್ಟಕ್ಕೆ ಪೆನ್ಸಿಲಿನಷ್ಟು ದಪ್ಪದ ಯಾವ ಹಗ್ಗವೂ ಸಾಕು. ಆದರೆ ಸಣ್ಣ, ನುಣುಪಾದ ಹಗ್ಗ ಒದ್ದೆ ಕೈಯಲ್ಲಿ ಜಾರುತ್ತದೆ, ಅಂಗೈ ಕೊಯ್ಯುತ್ತದೆ. ಇಲ್ಲಿ ಬೇಕಾದದ್ದು ಒರಟುತನ ಮತ್ತು ದಪ್ಪ. ಆ ಎರಡರಲ್ಲೂ ತೆಂಗಿನ ನಾರನ್ನು ಮೀರಿಸುವುದು ಕಷ್ಟ. 16ರಿಂದ 18 ಮಿಲಿಮೀಟರಿನ ನಾರಿನ ಹಗ್ಗ ಒದ್ದೆಯಾದಷ್ಟೂ ಕೈಗೆ ಕಚ್ಚಿಕೊಳ್ಳುತ್ತದೆ, ಗಂಟೂ ಜಾರುವುದಿಲ್ಲ. ನೀರಿಗೆ ಬೇಗ ಕೊಳೆಯುವುದೂ ಇಲ್ಲ. ಹತ್ತಿ ಹಗ್ಗ ಒದ್ದೆಯಾದಾಗ ಒಣಗಿದ್ದಕ್ಕಿಂತ ಗಟ್ಟಿ ಎನ್ನುವುದು ನಿಜವೇ, ಆದರೆ ಬಾವಿಯ ಕೆಲಸದಲ್ಲಿ ಅದು ಒಣಗುವುದೇ ಇಲ್ಲ, ಕೊಳೆಯುತ್ತದೆ.

ಕೊಳ್ಳುವ ಮೊದಲು ರಾಟೆಯ ಕೊರಕಲು ಅಳೆಯಿರಿ. ಹಗ್ಗ ಅದಕ್ಕಿಂತ ದಪ್ಪವಾದರೆ ಪಕ್ಕಕ್ಕೆ ಜಾರಿ ಸಿಕ್ಕಿಹಾಕಿಕೊಳ್ಳುತ್ತದೆ. ಉದ್ದವನ್ನು ಬೇಸಿಗೆಯ ನೀರಿನ ಮಟ್ಟಕ್ಕೆ ಲೆಕ್ಕ ಹಾಕಬೇಕು. ಮಳೆಗಾಲದಲ್ಲಿ ನೀರು ಮೇಲಿರುವಾಗ ಅಳೆದರೆ ಏಪ್ರಿಲಿನಲ್ಲಿ ಸಾಲುವುದಿಲ್ಲ. ಕಟ್ಟೆಯಿಂದ ಬೇಸಿಗೆಯ ನೀರಿಗೆ 24 ಅಡಿ, ಕಟ್ಟೆಯಿಂದ ರಾಟೆಗೆ 5, ಬಕೆಟ್ ಮುಳುಗಲು 3, ಕೈಯಲ್ಲಿ ಹಿಡಿಯಲು 4, ತುದಿಯನ್ನು ಕಂಬಕ್ಕೆ ಕಟ್ಟಲು ಇನ್ನು 4. ಒಟ್ಟು 40 ಅಡಿ. ತುದಿ ಕಟ್ಟುವುದನ್ನು ಬಿಟ್ಟರೆ ಒಂದು ದಿನ ಪಾತಾಳಗರಡಿ ಹುಡುಕಬೇಕಾಗುತ್ತದೆ.

ಹೊಸ ನಾರಿನ ಹಗ್ಗವನ್ನು ಎರಡು ದಿನ ಬಕೆಟ್ಟಿನಲ್ಲಿ ನೆನೆಸಿ, ನೀರು ಬದಲಿಸುತ್ತಾ ಇರಿ. ಕಂದು ಬಣ್ಣ, ಸಡಿಲ ನಾರು ಅಲ್ಲೇ ಹೋಗುತ್ತದೆ. ಬಕೆಟ್ಟಿನ ಹಿಡಿಗೆ ಎರಡು ಸುತ್ತು ಹಾಕಿ, ಮೇಲೆ ಎರಡು ಗಂಟು ಹಾಕಿ, ಉಳಿದ ಅರ್ಧ ಅಡಿ ತುದಿಯನ್ನು ಹಗ್ಗಕ್ಕೇ ದಾರದಿಂದ ಬಿಗಿಯಿರಿ. ಈ ಗಂಟು ಸದಾ ಒದ್ದೆ, ಹಗ್ಗ ಸಾಯುವುದು ಇಲ್ಲಿಂದಲೇ. ಎರಡು ತಿಂಗಳಿಗೊಮ್ಮೆ ಗಂಟು ಬಿಚ್ಚಿ, ಎಳೆಗಳನ್ನು ತಿರುಚಿ ತೆರೆದು ಒಳಗೆ ನೋಡಿ. ಹೊರಗೆ ಚೆನ್ನಾಗಿದ್ದು ಒಳಗೆ ಪುಡಿ ಉದುರಿದರೆ, ಅಥವಾ ಒಂದು ನಾರು ಬಗ್ಗದೆ ಟಕ್ ಎಂದು ಮುರಿದರೆ, ಅಷ್ಟು ಭಾಗ ಕತ್ತರಿಸಿ ಹೊಸದಾಗಿ ಕಟ್ಟಿ. ಅದಕ್ಕಾಗಿಯೇ ಮೊದಲು ಎರಡು ಮೂರು ಅಡಿ ಜಾಸ್ತಿ ತೆಗೆದುಕೊಂಡಿರಿ.

ಮೇಲಿನದೆಲ್ಲ ದಿನಾ ನೀರು ಸೇದುವವರಿಗೆ. ಪಂಪ್ ಇದೆ, ಕರೆಂಟ್ ಹೋದಾಗ ಮಾತ್ರ ಬಕೆಟ್ ಎನ್ನುವ ಮನೆಗಳಲ್ಲಿ ನಾರಿನ ಹಗ್ಗ ಕೆಲಸವಿಲ್ಲದೆ ತೇವದಲ್ಲಿ ನೇತಾಡುತ್ತಲೇ ಹಾಳಾಗುತ್ತದೆ. ಮೂರು ದಿನ ಕರೆಂಟ್ ಇಲ್ಲದ ಜುಲೈಯಲ್ಲಿ ಎಳೆದರೆ ಕೈಗೇ ಬರುತ್ತದೆ. ಅಂಥವರಿಗೆ 14 ಮಿಲಿಮೀಟರಿನ, ಮೈ ಸ್ವಲ್ಪ ಒರಟಾಗಿರುವ ಪಾಲಿಯೆಸ್ಟರ್ ಸರಿ. ಹಿಡಿತ ಒಂಚೂರು ಕಮ್ಮಿ, ಆದರೆ ಕೊಳೆಯುವುದಿಲ್ಲ. ಗಂಟು ಜಾರದಂತೆ ತುದಿಯನ್ನು ಒಂದಡಿ ಉದ್ದ ಬಿಟ್ಟು, ಕತ್ತರಿಸಿದ ಬಾಯನ್ನು ಬೆಂಕಿಗೆ ಹಿಡಿದು ಕರಗಿಸಿ ಮುಚ್ಚಿಬಿಡಿ.