ಯೀಲ್ಡ್ ಏರಿದರೆ ಬಾಂಡ್ ಬೆಲೆ ಏಕೆ ಇಳಿಯುತ್ತದೆ? ಲೆಕ್ಕ ಹಾಕಿಯೇ ನೋಡೋಣ

2022ರ ಮೇ 4, ಬುಧವಾರ. ಮಧ್ಯಾಹ್ನ ಎರಡು ಗಂಟೆಗೆ ರಿಸರ್ವ್ ಬ್ಯಾಂಕಿನ ಅಂದಿನ ಗವರ್ನರ್ ಶಕ್ತಿಕಾಂತ ದಾಸ್ ದಿಢೀರನೆ ಮಾತಾಡಿದರು. ಹಣಕಾಸು ನೀತಿ ಸಮಿತಿಯ ಮುಂದಿನ ಸಭೆ ಇದ್ದದ್ದು ಜೂನ್‌ನಲ್ಲಿ. ಹಾಗಾಗಿ ಅವತ್ತು ಬಡ್ಡಿ ಏರುತ್ತದೆ ಎಂದು ಮಾರುಕಟ್ಟೆ ಅಂದುಕೊಂಡಿರಲೇ ಇಲ್ಲ. ಏರಿತು. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಸಾಲ ಕೊಡುವ ರೆಪೊ ದರ ಶೇ 4ರಿಂದ 4.40 ಆಯಿತು. ಸಂಜೆಯ ಹೊತ್ತಿಗೆ ಹತ್ತು ವರ್ಷದ ಸರ್ಕಾರಿ ಬಾಂಡಿನ ಯೀಲ್ಡ್ ಶೇ 7.12ರಿಂದ 7.38ಕ್ಕೆ ಹೋಗಿತ್ತು.

ಯೀಲ್ಡ್ ಅಂದರೆ ಇಳುವರಿ. ಇಳುವರಿ ಜಾಸ್ತಿ ಆದರೆ ರೈತನಿಗೆ ಖುಷಿ. ಆದರೆ ಅವತ್ತು ಬಾಂಡ್ ಇಟ್ಟುಕೊಂಡಿದ್ದ ಟ್ರೇಡರ್‌ಗಳಿಗೆಲ್ಲ ನಷ್ಟವಾಯಿತು. ಏಕೆ ಎಂದು ತಿಳಿಯಲು ಒಂದು ಹಾಳೆ, ಒಂದು ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ.

ಮೊದಲು ಒಂದೇ ವರ್ಷದ ಬಾಂಡ್

ನಿಮ್ಮ ಕೈಲಿ 100 ರೂಪಾಯಿ ಮುಖಬೆಲೆಯ ಬಾಂಡ್ ಇದೆ. ಕೂಪನ್, ಅಂದರೆ ಅದರ ಮೇಲೆ ಬರೆದ ಬಡ್ಡಿ, ಶೇ 7. ಇನ್ನೊಂದು ವರ್ಷಕ್ಕೆ ನಿಮಗೆ ಬರುವುದು 107 ರೂಪಾಯಿ. ಈ 107 ಬದಲಾಗುವುದಿಲ್ಲ, ಎಲ್ಲ ಲೆಕ್ಕದ ಗುಟ್ಟೂ ಇದರಲ್ಲೇ ಇದೆ.

ಈಗ ಮಾರುಕಟ್ಟೆಯಲ್ಲಿ ಶೇ 8ರ ಹೊಸ ಬಾಂಡ್ ಬಂತು ಅನ್ನಿ. 100 ಕೊಟ್ಟರೆ 108 ಸಿಗುವಾಗ ನಿಮ್ಮ 107ಕ್ಕೆ ಯಾರಾದರೂ 100 ಕೊಡುತ್ತಾರಾ? ಕೊಡುವುದಿಲ್ಲ, ಅಲ್ವಾ? ಎಷ್ಟು ಕೊಡಬಹುದು ಎಂದು ತಿಳಿಯಲು 107ನ್ನು 1.08ರಿಂದ ಭಾಗಿಸಿ. 99 ರೂಪಾಯಿ 7 ಪೈಸೆ ಬರುತ್ತದೆ. ಆ ಬೆಲೆಗೆ ಕೊಂಡವನಿಗೆ ವರ್ಷದ ಕೊನೆಗೆ ಸರಿಯಾಗಿ ಶೇ 8 ಸಿಗುತ್ತದೆ.

ಬೆಲೆ ಇಳಿದದ್ದು ಮತ್ತು ಯೀಲ್ಡ್ ಏರಿದ್ದು ಎರಡು ಬೇರೆ ಘಟನೆಗಳಲ್ಲ. ಮುಂದೆ ಬರುವ ಹಣ ನಿಗದಿಯಾಗಿರುವಾಗ ಅದನ್ನು ಕಡಿಮೆ ಬೆಲೆಗೆ ಕೊಂಡವನಿಗೆ ಸಿಗುವ ಲಾಭದ ದರ ಹೆಚ್ಚು, ಅಷ್ಟೇ. ಇಲ್ಲಿ ಅನೇಕರು ಎಡವುವುದು ಕೂಪನ್ ಮತ್ತು ಯೀಲ್ಡ್ ಒಂದೇ ಎಂದುಕೊಂಡು. ಕೂಪನ್ ಬಾಂಡ್ ಹುಟ್ಟಿದ ದಿನವೇ ಗೊತ್ತಾಗಿರುತ್ತದೆ. ಯೀಲ್ಡ್ ದಿನದಿನವೂ ಬೆಲೆಯ ಜೊತೆ ಬದಲಾಗುತ್ತದೆ.

ಈಗ ಹತ್ತು ವರ್ಷಕ್ಕೆ ಹೋಗೋಣ

ಒಂದು ವರ್ಷದ ಬಾಂಡ್ ಒಂದು ರೂಪಾಯಿಯಷ್ಟೂ ಕಳೆದುಕೊಳ್ಳಲಿಲ್ಲ. ಅದೇ ಶೇ 7ರ ಬಾಂಡ್ ಹತ್ತು ವರ್ಷದ್ದಾಗಿದ್ದರೆ? ಶೇ 8 ಕೇಳುವ ಮಾರುಕಟ್ಟೆಯಲ್ಲಿ ಅದರ ಬೆಲೆ 93 ರೂಪಾಯಿ 29 ಪೈಸೆ. ಕೊಂಡವನು ವರ್ಷಕ್ಕೆ ಒಂದು ರೂಪಾಯಿ ಕಡಿಮೆ ಬಡ್ಡಿಯನ್ನು ಹತ್ತು ವರ್ಷ ಸಹಿಸಬೇಕು. ಆ ಹತ್ತೂ ರೂಪಾಯಿಯನ್ನು ಇವತ್ತಿನ ಬೆಲೆಗೆ ಇಳಿಸಿ, ಮೊದಲೇ ಮುರಿದುಕೊಂಡು ಕೊಡುತ್ತಾನೆ. ಅವಧಿ ಉದ್ದವಾದಷ್ಟೂ ಏಟು ಜೋರು.

ಇನ್ನು ಮೇ 4ರ ನಿಜವಾದ ಬಾಂಡಿಗೆ ಬರೋಣ. ಅವತ್ತು ಎಲ್ಲರ ಕಣ್ಣು ಇದ್ದದ್ದು 2032ರ ಜನವರಿ 17ಕ್ಕೆ ಮುಗಿಯುವ, ಶೇ 6.54 ಕೂಪನ್‌ನ ಸರ್ಕಾರಿ ಬಾಂಡಿನ ಮೇಲೆ. ಬಡ್ಡಿ ಆರು ತಿಂಗಳಿಗೊಮ್ಮೆ. ಎಕ್ಸೆಲ್ ಶೀಟಿನ ಒಂದು ಕೋಶದಲ್ಲಿ ಇದನ್ನು ಟೈಪ್ ಮಾಡಿ:

```
=PRICE(DATE(2022,5,5),DATE(2032,1,17),6.54%,7.12%,100,2,4)
```

ಇಲ್ಲಿ ಮೊದಲನೆಯದು ಹಣ ಸಂದಾಯದ ದಿನ, ಅಂದರೆ ವ್ಯವಹಾರದ ಮರುದಿನ. ಎರಡನೆಯದು ಬಾಂಡ್ ಮುಗಿಯುವ ದಿನ. ಆಮೇಲೆ ಕೂಪನ್, ಯೀಲ್ಡ್, ಮುಖಬೆಲೆ. ಕೊನೆಯ 2 ಎಂದರೆ ವರ್ಷಕ್ಕೆ ಎರಡು ಕಂತು. 4 ಎಂದರೆ ತಿಂಗಳಿಗೆ 30, ವರ್ಷಕ್ಕೆ 360 ದಿನ ಎನ್ನುವ ಲೆಕ್ಕ. ಉತ್ತರ ಸುಮಾರು 95 ರೂಪಾಯಿ 97 ಪೈಸೆ. ಈಗ 7.12% ಇದ್ದ ಕಡೆ 7.38% ಹಾಕಿ. ಬೆಲೆ 94 ರೂಪಾಯಿ 24 ಪೈಸೆಗೆ ಇಳಿಯುತ್ತದೆ. ಒಂದೇ ಮಧ್ಯಾಹ್ನದಲ್ಲಿ 1 ರೂಪಾಯಿ 73 ಪೈಸೆ ಹೋಯಿತು.

ಒಂದು ಎಚ್ಚರಿಕೆ. ಈ ಸೂತ್ರ ಕೊಡುವ ಬೆಲೆಯಲ್ಲಿ ಕಳೆದ ಕಂತಿನಿಂದ ಇಲ್ಲಿಯವರೆಗೆ ಕೂಡಿದ ಬಡ್ಡಿ ಸೇರಿಲ್ಲ. ಕೊಳ್ಳುವವನು ಅದನ್ನು ಬೇರೆಯಾಗಿ ಕೊಡಬೇಕು. ಖಾತೆಯಿಂದ ಜಾಸ್ತಿ ಹಣ ಹೋಗಿದೆ ಎನಿಸಿದರೆ ಮೊದಲು ಇದನ್ನೇ ನೋಡಿ.

ಟ್ರೇಡರ್ ಮೇಜಿನ ಮೇಲಿನ ಲೆಕ್ಕ

ಟ್ರೇಡರ್‌ಗಳು ಪ್ರತಿ ಸಲ ಸೂತ್ರ ಟೈಪ್ ಮಾಡುತ್ತ ಕೂರುವುದಿಲ್ಲ. ಅವರಿಗೆ ಬೇಕಾದದ್ದು ಒಂದೇ ಸಂಖ್ಯೆ: ಯೀಲ್ಡ್ ಒಂದು ಬೇಸಿಸ್ ಪಾಯಿಂಟ್, ಅಂದರೆ ಶೇ 0.01 ಕದಲಿದರೆ ಬೆಲೆ ಎಷ್ಟು ಕದಲುತ್ತದೆ? ನಮ್ಮ ಬಾಂಡಿನ ಯೀಲ್ಡ್ 7.12ರಿಂದ 7.38ಕ್ಕೆ, ಅಂದರೆ 26 ಪಾಯಿಂಟ್ ಏರಿತು. 1.73ನ್ನು 26ರಿಂದ ಭಾಗಿಸಿದರೆ ಸುಮಾರು 6.7 ಪೈಸೆ.

ಪೈಸೆ ಲೆಕ್ಕ ಎಂದು ಉದಾಸೀನ ಬೇಡ. ಈ ಪೇಟೆಯಲ್ಲಿ ಸಾಮಾನ್ಯ ಲಾಟ್ ಎಂದರೆ 5 ಕೋಟಿ ಮುಖಬೆಲೆ. ಅಲ್ಲಿ ಒಂದು ಬೇಸಿಸ್ ಪಾಯಿಂಟ್ ಸುಮಾರು 33 ಸಾವಿರ ರೂಪಾಯಿ. 26 ಪಾಯಿಂಟ್ ಎಂದರೆ 8.7 ಲಕ್ಷದ ಆಸುಪಾಸು.

ಒಬ್ಬ ಟ್ರೇಡರ್‌ನ ದಿನದ ಗಳಿಕೆಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. 5 ಕೋಟಿ ಬಾಂಡಿನ ಕೂಪನ್ ದಿನಕ್ಕೆ ಸುಮಾರು 8,960 ರೂಪಾಯಿ. ಆದರೆ ಬಾಂಡ್ ಕೊಳ್ಳಲು ಹಾಕಿದ 4.8 ಕೋಟಿ ಅವನ ಸ್ವಂತದ್ದಲ್ಲ, ದಿನದಿನವೂ ಸಾಲ ತಂದದ್ದು. ಅದಕ್ಕೆ ಶೇ 4 ಎಂದರೂ ದಿನಕ್ಕೆ 5,260 ರೂಪಾಯಿ ಬಡ್ಡಿ. ಉಳಿಯುವುದು 3,700. ಅಂದರೆ ಆ ಮಧ್ಯಾಹ್ನದ ನಷ್ಟ ಅವನ ಏಳೆಂಟು ತಿಂಗಳ ಗಳಿಕೆಗೆ ಸಮ. ಸಾಲದ ಬಡ್ಡಿಯೂ ಶೇ 4.40ಕ್ಕೆ ಏರಿದರೆ ದಿನಕ್ಕೆ ಉಳಿಯುವ 3,700ರಲ್ಲಿ ಇನ್ನೂ 500ಕ್ಕೂ ಹೆಚ್ಚು ಹೋಗುತ್ತದೆ. ದರ ಏರಿಕೆ ಟ್ರೇಡರ್‌ಗೆ ಎರಡು ಕಡೆಯಿಂದ ಹೊಡೆಯುತ್ತದೆ ಎನ್ನುವುದು ಇದಕ್ಕೇ. ಅವನು ಬೆಲೆ ಇಷ್ಟು ಇಳಿದರೆ ಮಾರಿ ಹೊರಬರಬೇಕು ಎಂದು ಮೊದಲೇ ಗೆರೆ ಹಾಕಿಕೊಂಡಿರುತ್ತಾನೆ. ಎಲ್ಲರ ಗೆರೆಯೂ ಒಂದೇ ಗಂಟೆಯಲ್ಲಿ ಮುರಿದಾಗ ಎಲ್ಲರೂ ಮಾರಲು ಓಡುತ್ತಾರೆ, ಬೆಲೆ ಇನ್ನಷ್ಟು ಜಾರುತ್ತದೆ.

ಈ 6.7 ಪೈಸೆ ಸಣ್ಣ ಏರಿಳಿತಕ್ಕೆ ಮಾತ್ರ ಸರಿ. ನಮ್ಮ ಶೇ 7ರ ಹತ್ತು ವರ್ಷದ ಬಾಂಡ್ ಯೀಲ್ಡ್ ಶೇ 8 ಆದಾಗ 6.71 ರೂಪಾಯಿ ಕಳೆದುಕೊಂಡಿತು. ಯೀಲ್ಡ್ ಶೇ 6ಕ್ಕೆ ಇಳಿದಿದ್ದರೆ 7.36 ಗಳಿಸುತ್ತಿತ್ತು. ಏರಿಕೆ, ಇಳಿಕೆ ಸಮ ಅಲ್ಲ. ದೊಡ್ಡ ಬದಲಾವಣೆಗೆ ಪೂರ್ತಿ ಸೂತ್ರವನ್ನೇ ಹಾಕಬೇಕು.

ದರ ಇಳಿದರೂ ನಷ್ಟ ಆಗಬಹುದಾ?

ಆಗಬಹುದು. 2025ರ ಜೂನ್ 6ರಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಒಮ್ಮೆಲೇ ಅರ್ಧ ಶೇಕಡಾ ಇಳಿಸಿ 5.50 ಮಾಡಿತು. ಆದರೆ ಅದೇ ಹೇಳಿಕೆಯಲ್ಲಿ ತನ್ನ ನಿಲುವನ್ನು ತಟಸ್ಥಕ್ಕೆ, ಅಂದರೆ ಮುಂದೆ ದರ ಏರಲೂಬಹುದು ಇಳಿಯಲೂಬಹುದು ಎನ್ನುವುದಕ್ಕೆ ಬದಲಿಸಿತು. ಇನ್ನು ಇಳಿಸಲು ಹೆಚ್ಚು ಜಾಗ ಇಲ್ಲ ಎಂದು ಪೇಟೆ ಅರ್ಥ ಮಾಡಿಕೊಂಡಿತು. ಮುಂದಿನ ವಾರಗಳಲ್ಲಿ ಉದ್ದ ಅವಧಿಯ ಯೀಲ್ಡ್ ಇಳಿಯುವ ಬದಲು ಏರಿತು. ರೆಪೊ ಒಂದು ರಾತ್ರಿಯ ಸಾಲದ ಸುತ್ತಲಿನ ದರ. ಹತ್ತು ವರ್ಷದ ಯೀಲ್ಡ್‌ನಲ್ಲಿ ಮುಂದಿನ ಹತ್ತು ವರ್ಷದ ಊಹೆಯೇ ಸೇರಿರುತ್ತದೆ. ಇವತ್ತಿನ ಇಳಿಕೆಯನ್ನು ಪೇಟೆ ಮೊದಲೇ ಊಹಿಸಿ ಬೆಲೆಗೆ ಸೇರಿಸಿಕೊಂಡಿದ್ದರೆ ಘೋಷಣೆಯ ದಿನ ಅದರಿಂದ ಏನೂ ಸಿಗುವುದಿಲ್ಲ. ಹಾಗಾಗಿ ನೀತಿ ಪ್ರಕಟವಾದಾಗ ದರದ ಜೊತೆಗೆ ನಿಲುವಿನ ಸಾಲನ್ನೂ ಓದಿ.

ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಖಾತೆಯಲ್ಲಿ ಇಂಥ ಬಾಂಡ್ ಕೊಂಡು ಸುಮ್ನೆ ಇಟ್ಟವರಿಗೆ ಮೇ 4ರ ಕುಸಿತ ಬರೀ ಕಾಗದದ ಮೇಲಿನದು. 2032ರ ಜನವರಿ ಹತ್ತಿರವಾದಂತೆ ಬೆಲೆ ತಾನಾಗಿ 100ರ ಕಡೆ ಬರುತ್ತದೆ, ಕೂಪನ್ ಆರು ತಿಂಗಳಿಗೊಮ್ಮೆ ಬರುತ್ತಲೇ ಇರುತ್ತದೆ. ಆದರೆ ನಡುವೆ ಮಗಳ ಮದುವೆಗೋ ಮನೆ ಕಟ್ಟಲೋ ಮಾರಲು ಹೋದರೆ ಅವತ್ತಿನ ಯೀಲ್ಡ್ ಹೇಳಿದ ಬೆಲೆಯೇ ಕೈಗೆ ಸಿಗುವುದು.