ದಿಮ್ಮಿ ರಾಶಿಯ ಫೋಟೋ ನೋಡಿ ಎಷ್ಟು ಘನ ಅಡಿ ಎಂದು ಲೆಕ್ಕ ಹಾಕುವುದು ಹೇಗೆ?

ಹಾನಗಲ್, ಕಲಘಟಗಿ ಕಡೆ ಹೊಲದ ಬದುವಿನಲ್ಲಿ ಬೆಳೆದ ತೇಗ, ಹೆಬ್ಬೇವು, ನೀಲಗಿರಿಯನ್ನು ಕಡಿಸಿದ ಮೇಲೆ ಈಗ ಮೊದಲು ಹೋಗುವುದು ಫೋಟೋ. ಹುಬ್ಬಳ್ಳಿಯ ಟಿಂಬರ್ ವ್ಯಾಪಾರಿ ವಾಟ್ಸ್‌ಆ್ಯಪ್‌ನಲ್ಲಿ ನೋಡಿ ‘ಇಷ್ಟು ಸಿಎಫ್‌ಟಿ ಬರ್ತದ’ ಅನ್ನುತ್ತಾನೆ. ಸಿಎಫ್‌ಟಿ ಅಂದರೆ ಘನ ಅಡಿ. ಆ ಮಾತು ಸರಿಯೋ ಅಲ್ಲವೋ ಎಂದು ಅದೇ ಫೋಟೋದಿಂದ ನೀವೂ ಲೆಕ್ಕ ಹಾಕಬಹುದು. ಆದರೆ ಫೋಟೋ ತೆಗೆಯುವಾಗಲೇ ಅರ್ಧ ಜನ ಕೆಡಿಸಿಕೊಳ್ಳುತ್ತಾರೆ. ಹಾಗಾಗಿ ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ದಿಮ್ಮಿಗಳನ್ನು ಒಂದೇ ಉದ್ದಕ್ಕೆ ಕೊಯ್ಸಿ, ಕೊಯ್ದ ಮುಖಗಳು ಒಂದೇ ಸಾಲಿಗೆ ಬರುವ ಹಾಗೆ ಪೇರಿಸಿ. ಉದ್ದವನ್ನು ಸ್ಟೀಲ್ ಟೇಪಿನಲ್ಲಿ ಅಳೆದು ಬರೆದಿಡಿ, ಯಾಕೆಂದರೆ ಅದು ಫೋಟೋದಲ್ಲಿ ಕಾಣುವುದಿಲ್ಲ. ದರ್ಜಿಯ ಬಟ್ಟೆ ಟೇಪು ಬೇಡವೇ ಬೇಡ, ಅದು ಎಳೆದಷ್ಟೂ ಹಿಗ್ಗುತ್ತದೆ.

ಈಗ ಅಳತೆ ಕೋಲು. ನಿಜವಾದ ಕಷ್ಟ ಇರುವುದು ಇಲ್ಲೇ. ಫೋಟೋದಲ್ಲಿ ಅಳತೆ ಗೊತ್ತಿರುವ ಒಂದು ವಸ್ತು ಇರಲೇಬೇಕು. ಮೂರು ಅಡಿಯ, ಅಂದರೆ 36 ಇಂಚಿನ, ಬಿಳಿ ಬಣ್ಣ ಬಳಿದ ಪಟ್ಟಿ ಸಾಕು. ಬಹಳ ಮಂದಿ ಕೋಲನ್ನು ರಾಶಿಗೆ ಓರೆಯಾಗಿ ಆನಿಸುತ್ತಾರೆ, ಇಲ್ಲವೇ ಮನೆಯ ಹುಡುಗನನ್ನೇ ರಾಶಿಯ ಮುಂದೆ ನಿಲ್ಲಿಸುತ್ತಾರೆ. ಎರಡೂ ತಪ್ಪು. ಕೋಲು ಕೊಯ್ದ ಮುಖಗಳಿಗೆ ತಾಗಿಕೊಂಡೇ ಇರಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನೀವು ರಾಶಿಯಿಂದ 10 ಅಡಿ ದೂರ ನಿಂತಿದ್ದೀರಿ, ಕೋಲು ರಾಶಿಗಿಂತ ಒಂದು ಅಡಿ ಮುಂದಿದೆ ಅಂದುಕೊಳ್ಳಿ. ಕೋಲು ಕ್ಯಾಮೆರಾಕ್ಕೆ ಹತ್ತಿರ ಆದ್ದರಿಂದ ದೊಡ್ಡದಾಗಿ ಕಾಣುತ್ತದೆ. ಅದರ ಲೆಕ್ಕದಲ್ಲಿ ಅಳೆದಾಗ 10 ಇಂಚಿನ ದಿಮ್ಮಿ 9 ಇಂಚು ಅನ್ನಿಸುತ್ತದೆ. ಒಂದೇ ಇಂಚು ಅಲ್ವಾ ಅಂತ ಬಿಡಬೇಡಿ. ಘನ ಅಡಿ ಲೆಕ್ಕದಲ್ಲಿ ವ್ಯಾಸವನ್ನು ಅದರಿಂದಲೇ ಗುಣಿಸುತ್ತೇವೆ. 100 ಇರಬೇಕಾದಲ್ಲಿ 81 ಆಯಿತು. ಸುಮ್ನೆ ಒಂದು ಕೋಲು ಮುಂದೆ ನಿಂತಿದ್ದಕ್ಕೆ ನೂರಕ್ಕೆ 19 ಪಾಲು ಮರ ಲೆಕ್ಕದಿಂದ ಹೋಯಿತು. ಒಳಗೆ ಸರಿದು ಕೂತ ದಿಮ್ಮಿಗೂ ಇದೇ ಗತಿ, ಅದು ಇರುವುದಕ್ಕಿಂತ ಸಣ್ಣದಾಗಿ ಕಾಣುತ್ತದೆ.

ಇದಕ್ಕೆ ಒಳ್ಳೆಯ ಉಪಾಯ ದೂರ ನಿಲ್ಲುವುದು. 20 ಅಡಿ ಹಿಂದೆ ಸರಿದು, ಫೋನಿನಲ್ಲಿ ಜೂಮ್ ಮಾಡಿ ತೆಗೆದರೆ ಅದೇ ಒಂದು ಅಡಿಯ ತಪ್ಪು ಅರ್ಧಕ್ಕೆ ಇಳಿಯುತ್ತದೆ. ಹತ್ತಿರ ನಿಂತು ಅಗಲದ ಲೆನ್ಸಿನಲ್ಲಿ, ಅಂದರೆ 0.5x ನಲ್ಲಿ, ಎಂದೂ ತೆಗೆಯಬೇಡಿ. ಅಂಚಿನ ದಿಮ್ಮಿಗಳು ಎಳೆದ ಹಾಗೆ ಬರುತ್ತವೆ. ರಾಶಿಯ ನಟ್ಟನಡುವೆ ನಿಂತು, ಫೋನನ್ನು ರಾಶಿಯ ಅರ್ಧ ಎತ್ತರಕ್ಕೆ ನೆಟ್ಟಗೆ ಹಿಡಿಯಿರಿ. ನಾನು ಯಾವಾಗಲೂ ಎರಡು ಕೋಲು ಇಡಿಸುತ್ತೇನೆ, ಒಂದು ರಾಶಿಯ ಮೇಲ್ಭಾಗದಲ್ಲಿ, ಒಂದು ಕೆಳಭಾಗದಲ್ಲಿ. ಫೋಟೋದಲ್ಲಿ ಎರಡೂ ಒಂದೇ ಉದ್ದ ಬಂದರೆ ಸರಿ. ಮೇಲಿನದು ಗಿಡ್ಡವಾಗಿ ಕಂಡರೆ ಫೋನು ವಾಲಿತ್ತು ಎಂದೇ ಅರ್ಥ, ಮತ್ತೆ ತೆಗೆಯಿರಿ.

ಆಮೇಲೆ ರಾಶಿಯ ಹಿಂದಕ್ಕೆ ಹೋಗಿ, ಅಲ್ಲೂ ಕೋಲು ಇಟ್ಟು ಇನ್ನೊಂದು ಫೋಟೋ. ಇದನ್ನು ಬಿಡಬೇಡಿ, ಕಾರಣ ಮುಂದೆ ಬರುತ್ತದೆ.

ಅಳೆಯುವುದಕ್ಕೆ ಕಂಪ್ಯೂಟರಿನಲ್ಲಿ ImageJ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಕೋಲಿನ ಉದ್ದಕ್ಕೂ ಗೆರೆ ಎಳೆದು, Analyze > Set Scale ನಲ್ಲಿ Known distance ಎಂಬಲ್ಲಿ 36, Unit of length ಎಂಬಲ್ಲಿ inch ಎಂದು ಬರೆಯಿರಿ. ಬಳಿಕ ಪ್ರತಿ ಮುಖದ ಮೇಲೆ ಗೆರೆ ಎಳೆದು M ಒತ್ತಿದರೆ ಇಂಚಿನಲ್ಲೇ ಉತ್ತರ ಬರುತ್ತದೆ. ಕಂಪ್ಯೂಟರ್ ಇಲ್ಲದಿದ್ದರೆ ಫೋಟೋ ಪ್ರಿಂಟ್ ಹಾಕಿಸಿ ಸ್ಕೇಲಿನಲ್ಲಿ ಅಳೆಯಿರಿ. ಕೋಲು 18 ಸೆಂಟಿಮೀಟರ್ ಬಂದರೆ ಫೋಟೋದ ಅರ್ಧ ಸೆಂಟಿಮೀಟರ್ ಒಂದು ಇಂಚು. ಕೋಲೇ ಇಲ್ಲದೆ ಅಳತೆ ತೋರಿಸುತ್ತೇವೆ ಅನ್ನುವ ಆ್ಯಪ್‌ಗಳನ್ನು ನಂಬಿ ದುಡ್ಡಿನ ಮಾತು ಆಡಬೇಡಿ.

ಮುಖಗಳು ಪೂರ್ತಿ ದುಂಡಗೆ ಇರುವುದಿಲ್ಲ. ಉದ್ದ ಕಾಣುವ ಕಡೆ ಒಂದು, ಅದಕ್ಕೆ ಅಡ್ಡಲಾಗಿ ಒಂದು ಅಳೆದು ಸರಾಸರಿ ತೆಗೆಯಿರಿ. ತೊಗಟೆ ಬಿಟ್ಟು ಒಳಗಿನ ಮರವನ್ನಷ್ಟೇ ಅಳೆಯಬೇಕು. ಎರಡೂ ಬದಿ ಅರ್ಧರ್ಧ ಇಂಚು ತೊಗಟೆ ಇದ್ದರೆ 10 ಇಂಚಿನ ದಿಮ್ಮಿಯಲ್ಲಿ ಮರ ಇರುವುದು 9 ಇಂಚು. ಮತ್ತೆ ಅದೇ 19 ಪಾಲು! ನಡುವೆ ಪೊಳ್ಳು ಇದ್ದರೆ ಅದರ ವ್ಯಾಸವನ್ನೂ ಅದರಿಂದಲೇ ಗುಣಿಸಿ ಕಳೆಯಿರಿ. ಪೊಳ್ಳು ಎಷ್ಟು ಒಳಗೆ ಹೋಗಿದೆ ಎಂಬುದು ಮಾತ್ರ ಫೋಟೋದಲ್ಲಿ ತಿಳಿಯದು.

ಈಗ ಒಂದು ಲೆಕ್ಕ ಮಾಡೋಣ. 8 ಅಡಿ ಉದ್ದದ ಐದು ದಿಮ್ಮಿಗಳು. ಮುಂದಿನ ಮುಖಗಳ ವ್ಯಾಸ 7, 8, 9, 10 ಮತ್ತು 15 ಇಂಚು. ಪ್ರತಿಯೊಂದನ್ನೂ ಅದರಿಂದಲೇ ಗುಣಿಸಿ ಕೂಡಿಸಿ: 49, 64, 81, 100, 225, ಒಟ್ಟು 519. ಹಿಂದಿನ ಮುಖಗಳು 6, 7, 8, 9, 13 ಇಂಚು. ಇವುಗಳದ್ದು ಒಟ್ಟು 399. ಅಂದರೆ ಬುಡಗಳೆಲ್ಲ ಮುಂದೆ, ತುದಿಗಳೆಲ್ಲ ಹಿಂದೆ. ಎರಡರ ಸರಾಸರಿ 459. ಉಳಿದದ್ದು ಸುಲಭ:

```
459 × 0.00545 × 8 = 20.0 ಘನ ಅಡಿ
```

0.00545 ಎಂಬುದು ಅದರಿಂದಲೇ ಗುಣಿಸಿದ ಇಂಚಿನ ವ್ಯಾಸವನ್ನು ಚದರ ಅಡಿಯ ದುಂಡು ಮುಖವಾಗಿ ಮಾಡುವ ಅಂಕಿ. ಯಾವ ಬುಡಕ್ಕೆ ಯಾವ ತುದಿ ಎಂದು ಹುಡುಕುವ ಕೆಲಸವಿಲ್ಲ. ಉದ್ದ ಒಂದೇ ಇದ್ದರೆ ಎರಡು ಬದಿಯ ಒಟ್ಟು ಮೊತ್ತವೇ ಸಾಕು. ಮುಂದಿನ ಫೋಟೋ ಒಂದನ್ನೇ ನಂಬಿದ್ದರೆ 22.6 ಬರುತ್ತಿತ್ತು, ಹಿಂದಿನದ್ದೊಂದರಿಂದ 17.4. ಎರಡನೇ ಫೋಟೋ ಬೇಕು ಅಂದದ್ದು ಇದಕ್ಕೇ.

ಇನ್ನೊಂದು ಅಡ್ಡದಾರಿ ಬಹಳ ಜನ ಹಿಡಿಯುತ್ತಾರೆ. ಐದು ವ್ಯಾಸಗಳ ಸರಾಸರಿ 9.8 ತೆಗೆದು, ಅದರಿಂದಲೇ ಗುಣಿಸಿ, ಐದು ಪಟ್ಟು ಮಾಡುತ್ತಾರೆ. ಬರುವುದು 480. ನಿಜವಾದ ಮೊತ್ತ 519. ದಪ್ಪ ದಿಮ್ಮಿಯ ಪಾಲು ಸರಾಸರಿಯಲ್ಲಿ ಮುಳುಗಿಬಿಡುತ್ತದೆ. ರಾಶಿಯಲ್ಲಿ ಸಣ್ಣದು ದೊಡ್ಡದು ಬೆರೆತಷ್ಟೂ ಈ ತಪ್ಪು ಜಾಸ್ತಿ. ರಾಶಿಯ ಅಗಲ, ಎತ್ತರ, ಉದ್ದ ಗುಣಿಸಿ ಸಂದಿಗೆಂದು ಅಂದಾಜಿಗೆ ಕಾಲುಭಾಗ ಕಳೆಯುವ ಪದ್ಧತಿಯಂತೂ ಸೌದೆಗೆ ಸರಿ, ನಾಟಾಕ್ಕೆ ಅಲ್ಲ.

ಲೆಕ್ಕ ಮುಗಿದ ಮೇಲೆ ರಾಶಿಯಲ್ಲಿ ಕೈಗೆ ಸಿಗುವ ಎರಡು ಮೂರು ದಿಮ್ಮಿಯ ಮುಖಕ್ಕೆ ಟೇಪು ಹಿಡಿದು ನೋಡಿ. ಎಲ್ಲವೂ ಒಂದೇ ಕಡೆಗೆ ತಪ್ಪಿದ್ದರೆ, ಅಂದರೆ ಫೋಟೋದಲ್ಲಿ ಎಲ್ಲವೂ ಸಣ್ಣದಾಗಿ ಬಂದಿದ್ದರೆ, ಕೋಲು ಮುಂದೆ ಇತ್ತು ಎಂದು ತಿಳಿಯಿರಿ. ಒಂದು ಹೆಚ್ಚು ಒಂದು ಕಡಿಮೆ ಇದ್ದರೆ ಅದು ಗೆರೆ ಎಳೆದ ಕೈಯ ತಪ್ಪು, ಮೊತ್ತದಲ್ಲಿ ಬಹುಪಾಲು ಸರಿಹೋಗುತ್ತದೆ.

ಇಷ್ಟಾದರೂ ವ್ಯಾಪಾರಿ ನಿಮ್ಮ 20 ಘನ ಅಡಿಗೆ 15.7 ಅನ್ನಬಹುದು. ಕೂಡಲೇ ಜಗಳಕ್ಕೆ ಹೋಗಬೇಡಿ. ದಿಮ್ಮಿಯ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವ ಹಳೆಯ ಪದ್ಧತಿ ಟಿಂಬರ್ ವ್ಯಾಪಾರದಲ್ಲಿದೆ. ಅದರಲ್ಲಿ ನಿಜವಾದ ಗಾತ್ರದ ನೂರಕ್ಕೆ 78.5 ಪಾಲು ಮಾತ್ರ ಬರುತ್ತದೆ. ಎಲ್ಲ ದಿಮ್ಮಿಗೂ ಇದೇ ಪಾಲು. ಆದ್ದರಿಂದ ದರ ಕೇಳುವ ಮುಂಚೆ ಯಾವ ಅಳತೆ ಎಂದು ಕೇಳಿ. ಒಬ್ಬರು ಕಾಲು ಸುತ್ತಳತೆಯಲ್ಲಿ ಘನ ಅಡಿಗೆ 600 ರೂಪಾಯಿ, ಇನ್ನೊಬ್ಬರು ಪೂರ್ತಿ ಗಾತ್ರಕ್ಕೆ 500 ರೂಪಾಯಿ ಅಂದರೆ ಮೊದಲಿನವರಿಂದ ಸಿಗುವುದು 9,420, ಎರಡನೆಯವರಿಂದ 10,000.