ಗೇಟಿನ ಹೊರಗೆ ನಿಂತು ಕಂಪನಿಯ ಗಾತ್ರ ಅಳೆದದ್ದು

ಪೀಣ್ಯದಲ್ಲಿ ನನ್ನದು ಕಾರ್ಖಾನೆಗಳಿಗೆ ಸಮವಸ್ತ್ರ ಮತ್ತು ಸುರಕ್ಷತಾ ಬೂಟು ಪೂರೈಸುವ ವ್ಯವಹಾರ. ಹೊಸ ಗಿರಾಕಿಗೆ ದರ ಹೇಳುವ ಮೊದಲು ಅವರು ಎಷ್ಟು ದೊಡ್ಡವರು ಎಂದು ತಿಳಿದಿರಬೇಕು. ಐನೂರು ಜೋಡಿ ಬೂಟಿಗೆ ಹೇಳುವ ದರವೇ ಬೇರೆ, ಐವತ್ತಕ್ಕೆ ಹೇಳುವುದೇ ಬೇರೆ. ಮೊದಮೊದಲು ನಾನು ವಹಿವಾಟನ್ನಷ್ಟೇ ನೋಡುತ್ತಿದ್ದೆ. ಒಮ್ಮೆ ಆರುನೂರು ಕೋಟಿ ವಹಿವಾಟಿನ ಕಂಪನಿಯೊಂದಕ್ಕೆ ಸಾವಿರ ಜನರ ಲೆಕ್ಕದಲ್ಲಿ ಅಗ್ಗದ ದರ ಕೊಟ್ಟು, ಬಟ್ಟೆಯನ್ನೂ ತರಿಸಿಟ್ಟೆ. ಬಂದ ಆರ್ಡರ್ ಅರುವತ್ತು ಜನರದ್ದು. ಅವರು ತಾಮ್ರ ಕೊಂಡು, ಸ್ವಲ್ಪ ಸಂಸ್ಕರಿಸಿ ಮಾರುವವರು. ಆರುನೂರು ಕೋಟಿಯಲ್ಲಿ ಬಹುಪಾಲು ತಾಮ್ರದ ಬೆಲೆಯೇ ಆಗಿತ್ತು.

ಇದರ ದೊಡ್ಡ ರೂಪ ನಮ್ಮ ಬೆಂಗಳೂರಿನಲ್ಲೇ ಇದೆ. 2022-23ರಲ್ಲಿ ಚಿನ್ನ ಸಂಸ್ಕರಿಸಿ ಮಾರುವ ರಾಜೇಶ್ ಎಕ್ಸ್‌ಪೋರ್ಟ್ಸ್‌ನ ವಹಿವಾಟು ಸುಮಾರು 3.39 ಲಕ್ಷ ಕೋಟಿ ರೂಪಾಯಿ. ಇನ್ಫೋಸಿಸ್‌ನದು ಸುಮಾರು 1.47 ಲಕ್ಷ ಕೋಟಿ. ವಹಿವಾಟಿನಲ್ಲಿ ಚಿನ್ನದ ಕಂಪನಿ ಎರಡು ಪಟ್ಟಿಗೂ ದೊಡ್ಡದು. ಲಾಭ ನೋಡಿದರೆ ಅದಕ್ಕೆ ಸುಮಾರು 1,400 ಕೋಟಿ, ಇನ್ಫೋಸಿಸ್‌ಗೆ 24,000 ಕೋಟಿ. ಅಂದರೆ ನೂರು ರೂಪಾಯಿ ವಹಿವಾಟಿನಲ್ಲಿ ಒಂದಕ್ಕೆ ಉಳಿದದ್ದು ಐವತ್ತು ಪೈಸೆಯೊಳಗೆ, ಇನ್ನೊಂದಕ್ಕೆ ಹದಿನಾರು ರೂಪಾಯಿ. ಆ ಮಾರ್ಚ್ ಕೊನೆಯಲ್ಲಿ ಷೇರುಪೇಟೆ ಇನ್ಫೋಸಿಸ್‌ಗೆ ಕಟ್ಟಿದ ಬೆಲೆ ಆರು ಲಕ್ಷ ಕೋಟಿಯ ಹತ್ತಿರವಿತ್ತು. ಚಿನ್ನದ ಕಂಪನಿಯದು ಹದಿನೆಂಟು ಸಾವಿರ ಕೋಟಿಯ ಆಸುಪಾಸು. ವಹಿವಾಟು ಹೇಳುವುದು ಕಂಪನಿಯ ಕೈ ಹಾಯ್ದು ಹೋದ ಹಣವೆಷ್ಟು ಎಂದು ಮಾತ್ರ. ಅದರಲ್ಲಿ ಅವರ ಸ್ವಂತ ದುಡಿಮೆ ಎಷ್ಟು ಎಂದು ತಿಳಿಯಲು ಕಚ್ಚಾವಸ್ತುವಿನ ಖರ್ಚನ್ನು ಕಳೆಯಲೇಬೇಕು.

ಈಗ ನಾನು ಮಾಡುವುದು ಹೀಗೆ. ಷೇರುಪೇಟೆಯಲ್ಲಿಲ್ಲದ ಕಂಪನಿಯಾದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ನೂರು ರೂಪಾಯಿ ಶುಲ್ಕ ಕಟ್ಟಿ ಅದರ ಲಾಭ-ನಷ್ಟದ ಪಟ್ಟಿ ತೆರೆಯುತ್ತೇನೆ. ತುಮಕೂರಿನ ಬಳಿಯ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರ ಪಟ್ಟಿಯಲ್ಲಿ ವಹಿವಾಟು 420 ಕೋಟಿ, ಕಚ್ಚಾವಸ್ತು 372 ಕೋಟಿ ಇತ್ತು. ಉಳಿಯುವುದು 48 ಕೋಟಿ. ನೌಕರರ ವೆಚ್ಚ 11 ಕೋಟಿ. ತಲೆಗೆ ವರ್ಷಕ್ಕೆ ನಾಲ್ಕು ಲಕ್ಷ ಎಂದು ಹಿಡಿದರೆ 275 ಜನ. ಭವಿಷ್ಯನಿಧಿ ಸಂಸ್ಥೆಯ ತಾಣದಲ್ಲಿ ಸಂಸ್ಥೆಯ ಹೆಸರು ಹುಡುಕಿದರೆ ಯಾವ ತಿಂಗಳು ಎಷ್ಟು ಜನರ ಹಣ ಕಟ್ಟಿದ್ದಾರೆಂದು ಕಾಣುತ್ತದೆ. ಅಲ್ಲಿ 262 ಇತ್ತು. ಎರಡೂ ಹೊಂದುತ್ತವೆ ಎಂದು ಸಮಾಧಾನಪಟ್ಟೆ.

ಆದರೂ ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಎದುರಿನ ಚಹಾ ಅಂಗಡಿಯಲ್ಲಿ ಕುಳಿತೆ. ಒಂದೇ ಪಾಳಿಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಹೊರಬಂದರು, ಪಾಳಿಗಳು ಮೂರು. ಮತ್ತೆ ಪಟ್ಟಿಗೆ ಮರಳಿದಾಗ ಇತರ ವೆಚ್ಚಗಳ ಟಿಪ್ಪಣಿಯಲ್ಲಿ ಗುತ್ತಿಗೆ ಕೂಲಿ ಎಂದು 9 ಕೋಟಿ ಸಿಕ್ಕಿತು. ಗುತ್ತಿಗೆದಾರನ ಕಮಿಷನ್ ಸೇರಿ ಒಬ್ಬರಿಗೆ ಎರಡೂಕಾಲು ಲಕ್ಷ ಎಂದರೆ ಅದು 400 ಜನ. ಅವರ ಭವಿಷ್ಯನಿಧಿ ಗುತ್ತಿಗೆದಾರನ ಕೋಡ್‌ನಲ್ಲಿ ಕಟ್ಟಲ್ಪಡುತ್ತದೆ, ಆದ್ದರಿಂದ ಕಂಪನಿಯ ಲೆಕ್ಕದಲ್ಲಿ ಕಾಣುವುದಿಲ್ಲ. ಬೂಟು ಬೇಕಾಗಿರುವುದು ಮುಖ್ಯವಾಗಿ ಅವರಿಗೇ! ಆರುನೂರ ಎಪ್ಪತ್ತರ ಲೆಕ್ಕದಲ್ಲಿ ದರ ಕೊಟ್ಟೆ. ಬಂದದ್ದು 640 ಜೋಡಿ. ಆದರೆ ಬೂಟಿನ ದುಡ್ಡು ಕೊಡುವವರು ಕಂಪನಿಯೋ ಗುತ್ತಿಗೆದಾರನೋ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಗುತ್ತಿಗೆದಾರನಾದರೆ ಸಾಲದ ಮಟ್ಟಿಗೆ ನನ್ನ ಗಿರಾಕಿಯ ಗಾತ್ರ ಅವನದೇ.

ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿಗಳಲ್ಲಿ ಈ ತನಿಖೆ ಸುಲಭ. ಮಾರುಕಟ್ಟೆ ಮೌಲ್ಯದ ಮೊದಲ ಸಾವಿರ ಕಂಪನಿಗಳು ವಾರ್ಷಿಕ ವರದಿಯೊಂದಿಗೆ ಕೊಡುವ ಹೊಣೆಗಾರಿಕೆ ವರದಿಯಲ್ಲಿ ಕಾಯಂ ಮತ್ತು ಕಾಯಂ ಅಲ್ಲದ ಕೆಲಸಗಾರರ ಸಂಖ್ಯೆ ಬೇರೆ ಬೇರೆಯಾಗಿ ಇರುತ್ತದೆ.

ಮಾರುಕಟ್ಟೆ ಮೌಲ್ಯ ನನ್ನ ಬೂಟಿನ ಲೆಕ್ಕಕ್ಕೆ ಬರುವುದೇ ಇಲ್ಲ. ಅದು ಷೇರಿನ ದರವನ್ನು ಷೇರುಗಳ ಸಂಖ್ಯೆಯಿಂದ ಗುಣಿಸಿದ ಮೊತ್ತ, ಮುಂದೆ ಬರಬಹುದಾದ ಲಾಭದ ಬಗ್ಗೆ ಕೊಳ್ಳುವವರ ಇಂದಿನ ಅಂದಾಜು. 2023ರ ಏಪ್ರಿಲ್ 17ರಂದು, ಫಲಿತಾಂಶ ನಿರೀಕ್ಷೆಯ ಮಟ್ಟ ಮುಟ್ಟದ ಕಾರಣ, ಇನ್ಫೋಸಿಸ್ ಷೇರು ಒಂದೇ ದಿನ ಶೇ. 9ಕ್ಕೂ ಹೆಚ್ಚು ಕುಸಿದು ಐವತ್ತು ಸಾವಿರ ಕೋಟಿಗೂ ಮೀರಿದ ಮೌಲ್ಯ ಕರಗಿತು. ಆ ದಿನವೂ ಕಚೇರಿಗೆ ಬಂದವರು ಹಿಂದಿನ ವಾರದವರೇ. ಬ್ಯಾಂಕ್ ಸಾಲ ಎಷ್ಟಿದೆ ಎಂಬುದೂ ಈ ಅಂಕಿಯಲ್ಲಿ ಕಾಣುವುದಿಲ್ಲ. ಪತ್ರಿಕೆಯಲ್ಲಿ ಮಾರುಕಟ್ಟೆ ಮೌಲ್ಯ ಓದಿ ತೊಂಬತ್ತು ದಿನಗಳ ಸಾಲಕ್ಕೆ ಸರಕು ಕಳಿಸಿದ ನನ್ನ ಪಕ್ಕದ ಶೆಡ್ಡಿನವರು ಈಗಲೂ ಪ್ರತಿ ಸೋಮವಾರ ಆ ಕಂಪನಿಗೆ ಫೋನ್ ಮಾಡುತ್ತಾರೆ.